30 ಸೆಕೆಂಡಿನ ಪ್ರಚಾರ ವಿಡಿಯೊಗೆ ನಿರೂಪಣೆ ಬರೆಯುವುದು: ಪದ ಬೇಡ, ಅಕ್ಷರ ಎಣಿಸಿ

ಪಾವಗಡದ ಕಡಲೆಕಾಯಿಯಿಂದ ಮರದ ಗಾಣದಲ್ಲಿ ಎಣ್ಣೆ ತೆಗೆಯುವ ಒಂದು ಕುಟುಂಬಕ್ಕಾಗಿ 30 ಸೆಕೆಂಡಿನ ಪ್ರಚಾರ ವಿಡಿಯೊ ಮಾಡಿಕೊಡುತ್ತಿದ್ದಾಗ, ಅವರೇ ಬರೆದು ಕಳುಹಿಸಿದ ನಿರೂಪಣೆಯಲ್ಲಿ 44 ಪದಗಳಿದ್ದವು. ಇಂಗ್ಲಿಷ್ ಜಾಹೀರಾತುಗಳಿಗೆ ನಿಮಿಷಕ್ಕೆ 150 ಪದ, ಅಂದರೆ 30 ಸೆಕೆಂಡಿಗೆ 75 ಪದ ಎಂಬ ಲೆಕ್ಕ ಎಲ್ಲೆಡೆ ಚಾಲ್ತಿಯಲ್ಲಿದೆ. ಅದನ್ನು ಎಲ್ಲೋ ಓದಿದ್ದ ಅವರು, ಇನ್ನೂ 30 ಪದಗಳಿಗೆ ಜಾಗವಿದೆಯಲ್ಲ, ಅಂಗಡಿಯ ವಿಳಾಸವನ್ನೂ ಸೇರಿಸೋಣ ಎಂದರು. ಆದರೆ ಅದೇ 44 ಪದಗಳನ್ನು ಗಟ್ಟಿಯಾಗಿ ಓದಿದಾಗ 36 ಸೆಕೆಂಡು ಹಿಡಿಯಿತು. ವಿಳಾಸ ಸೇರಿಸುವುದಿರಲಿ, ಇದ್ದುದರಲ್ಲೇ ಬಹಳಷ್ಟನ್ನು ತೆಗೆಯಬೇಕಾಗಿತ್ತು.

ಇಂಗ್ಲಿಷಿನಲ್ಲಿ ನಾಲ್ಕೈದು ಬಿಡಿ ಪದಗಳಲ್ಲಿ ಹೇಳುವುದನ್ನು ಕನ್ನಡ ವಿಭಕ್ತಿ, ಪ್ರತ್ಯಯ, ಸಂಧಿಗಳ ಬಲದಿಂದ ಒಂದೇ ಪದದಲ್ಲಿ ಹೇಳಿಬಿಡುತ್ತದೆ. ‘ಒಣಗಿಸಲಾಗುತ್ತದೆ’ ಎಂಬುದು ಪದಗಳ ಲೆಕ್ಕದಲ್ಲಿ ಒಂದೇ ಆದರೂ ಬಾಯಿಗೆ ಎಂಟು ಅಕ್ಷರಗಳ ಕೆಲಸ. ‘ಘಮ’ ಎಂಬುದೂ ಒಂದೇ ಪದ, ಆದರೆ ಎರಡೇ ಅಕ್ಷರ. ಹೀಗಿರುವಾಗ ಪದಗಳ ಸಂಖ್ಯೆಯಿಂದ ಕನ್ನಡ ನಿರೂಪಣೆಯ ಕಾಲವನ್ನು ಅಂದಾಜು ಮಾಡುವುದು ಚೀಲಗಳನ್ನು ಎಣಿಸಿ ಒಳಗಿನ ಕಾಳಿನ ತೂಕ ಹೇಳಿದಂತಾಗುತ್ತದೆ. ಲೆಕ್ಕ ಅಕ್ಷರಗಳಲ್ಲಿರಬೇಕು, ಮತ್ತು ಅದರೊಂದಿಗೆ ನಿಲುಗಡೆಗಳ ಲೆಕ್ಕವೂ ಸೇರಬೇಕು. ಮುಂದಿನ ಹಂತಗಳೆಲ್ಲವನ್ನೂ ಆ ಗಾಣದ ವಿಡಿಯೊವನ್ನೇ ಇಟ್ಟುಕೊಂಡು ವಿವರಿಸುತ್ತೇನೆ.

ಮೊದಲು ಚಿತ್ರದ ಅಳತೆ

ನಿರೂಪಣೆ ಬರೆಯುವ ಮೊದಲು ವಿಡಿಯೊದ ಅವಧಿ ಖಚಿತವಾಗಿರಬೇಕು. ‘ಸುಮಾರು ಅರ್ಧ ನಿಮಿಷ’ ಎಂದು ಹೇಳಿದವರ ಕಡತ ತೆರೆದು ನೋಡಿದರೆ ಅದು 28 ಸೆಕೆಂಡು ಇರಬಹುದು, 33 ಸೆಕೆಂಡೂ ಇರಬಹುದು. ನಮ್ಮಲ್ಲಿ ಟಿವಿಗಾಗಿ ಸಿದ್ಧಪಡಿಸುವ ವಿಡಿಯೊಗಳು ಸಾಮಾನ್ಯವಾಗಿ ಸೆಕೆಂಡಿಗೆ 25 ಫ್ರೇಮ್‌ಗಳ ಲೆಕ್ಕದಲ್ಲಿರುವುದರಿಂದ 30 ಸೆಕೆಂಡು ಎಂದರೆ 750 ಫ್ರೇಮ್‌ಗಳು. ಮೊಬೈಲಿನಲ್ಲಿ ಚಿತ್ರೀಕರಿಸಿದ್ದನ್ನು 29.97 ಫ್ರೇಮ್‌ಗಳ ಟೈಮ್‌ಲೈನಿನಲ್ಲಿ 900 ಫ್ರೇಮ್‌ಗಳಿಗೆ ಕತ್ತರಿಸಿದರೆ ಅವಧಿ 30.03 ಸೆಕೆಂಡಾಗುತ್ತದೆ. ಸಾಮಾಜಿಕ ಜಾಲತಾಣದಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ, ಆದರೆ ನಿಖರವಾಗಿ 30 ಸೆಕೆಂಡು ಕೇಳುವ ಕಡೆ ತೊಂದರೆಯಾಗಬಹುದು. ನಿಜವಾದ ಅವಧಿಯನ್ನು ತಿಳಿಯಲು FFmpeg ತಂತ್ರಾಂಶ ಇರುವ ಕಂಪ್ಯೂಟರಿನಲ್ಲಿ ಈ ಆದೇಶ ಸಾಕು:

```
ffprobe -v error -show_entries format=duration -of default=noprint_wrappers=1:nokey=1 video.mp4
```

ಅವಧಿ ತಿಳಿದ ಮೇಲೆ ದೃಶ್ಯಗಳನ್ನು ಗುರುತು ಮಾಡಿಕೊಳ್ಳಬೇಕು. ಗಾಣದ ವಿಡಿಯೊದಲ್ಲಿ ಮೊದಲ 2 ಸೆಕೆಂಡು ಗಾಣದ ಕಿರ್‍ರೆನ್ನುವ ಸದ್ದು ಮಾತ್ರ. 2ರಿಂದ 9ರವರೆಗೆ ಹೊಲ ಮತ್ತು ಕಾಯಿ ಒಣಗಿಸುವ ಕಣ, 9ರಿಂದ 18ರವರೆಗೆ ಗಾಣ ಸುತ್ತುವುದು ಮತ್ತು ಕೊನೆಯಲ್ಲಿ ಎಣ್ಣೆಯ ಹನಿ ಬೀಳುವುದು, 18ರಿಂದ 25ರವರೆಗೆ ಅಡುಗೆಮನೆಯಲ್ಲಿ ಒಗ್ಗರಣೆ, 25ರಿಂದ 30ರವರೆಗೆ ಹೆಸರು ಮತ್ತು ಫೋನ್ ಸಂಖ್ಯೆ ಇರುವ ಕೊನೆಯ ಫಲಕ.

ಇಲ್ಲಿ ಅನೇಕರು ಒಂದು ತಪ್ಪು ಮಾಡುತ್ತಾರೆ. 30 ಸೆಕೆಂಡಿನ ವಿಡಿಯೊಗೆ 30 ಸೆಕೆಂಡಿನ ಮಾತು ಎಂದುಕೊಂಡು, ಮೊದಲ ಫ್ರೇಮಿನಿಂದ ಕೊನೆಯ ಫ್ರೇಮಿನವರೆಗೂ ದನಿ ತುಂಬುತ್ತಾರೆ. ಆಗ ಒಗ್ಗರಣೆಯ ಚಟಪಟ ಕೇಳುವುದಿಲ್ಲ, ಹನಿ ಬೀಳುವ ಕ್ಷಣಕ್ಕೆ ಯಾರೂ ಕಾಯುವುದಿಲ್ಲ, ಕೊನೆಯ ಮಾತು ಮುಗಿಯುವಷ್ಟರಲ್ಲಿ ಪರದೆ ಕಪ್ಪಾಗಿರುತ್ತದೆ. ನಾನು ಮಾತಿಲ್ಲದ ಜಾಗಗಳನ್ನು ಮೊದಲೇ ಕಾಯ್ದಿರಿಸುತ್ತೇನೆ. ಈ ವಿಡಿಯೊದಲ್ಲಿ ಆರಂಭದ ಸದ್ದಿಗೆ 2 ಸೆಕೆಂಡು, ಹನಿಗೆ ಒಂದೂವರೆ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಸಾಸಿವೆ ಸಿಡಿಯುವುದಕ್ಕೆ 1 ಸೆಕೆಂಡು, ಕೊನೆಗೆ ಒಂದರಿಂದ ಒಂದೂವರೆ ಸೆಕೆಂಡು, ಜೊತೆಗೆ ದೃಶ್ಯ ಬದಲಾಗುವಲ್ಲೆಲ್ಲ ಸಣ್ಣ ಬಿಡುವು. ಇವೆಲ್ಲ ಕಳೆದ ಮೇಲೆ ಮಾತಿಗೆ ಉಳಿದದ್ದು ಹೊಲಕ್ಕೆ 6, ಗಾಣಕ್ಕೆ 7, ಒಗ್ಗರಣೆಗೆ 5.5, ಕೊನೆಯ ಫಲಕಕ್ಕೆ 3.5, ಒಟ್ಟು 22 ಸೆಕೆಂಡು. ನಿರೂಪಣೆಯನ್ನು ಬರೆಯಬೇಕಾದದ್ದು 30ಕ್ಕಲ್ಲ, ಈ 22ಕ್ಕೆ.

ಓದುವವರ ವೇಗವನ್ನು ಅಳೆಯುವುದು

ಕನ್ನಡಕ್ಕೆ ಸೆಕೆಂಡಿಗೆ ಇಷ್ಟು ಅಕ್ಷರ ಎಂದು ಒಂದೇ ಸಂಖ್ಯೆಯನ್ನು ಎಲ್ಲರಿಗೂ ಹಚ್ಚುವುದು ಸರಿಯಲ್ಲ. ಒಬ್ಬೊಬ್ಬ ಕಲಾವಿದರ ಓಟ ಒಂದೊಂದು ಬಗೆಯದು. ಅದೇ ಕಲಾವಿದರು ರಿಯಾಯಿತಿ ಮಾರಾಟದ ಜಾಹೀರಾತನ್ನು ಓದುವ ವೇಗಕ್ಕೂ ಎಣ್ಣೆಯ ಜಾಹೀರಾತನ್ನು ಓದುವ ವೇಗಕ್ಕೂ ಅಂತರವಿರುತ್ತದೆ. ಆದ್ದರಿಂದ ಕೆಲಸಕ್ಕೆ ಒಪ್ಪಿಕೊಂಡ ಕಲಾವಿದರಿಂದಲೇ, ಅದೇ ಭಾವದ ಸುಮಾರು 200 ಅಕ್ಷರಗಳ ಒಂದು ಭಾಗವನ್ನು ಫೋನಿನಲ್ಲಿ ಓದಿಸಿ ತರಿಸಿಕೊಳ್ಳಬೇಕು. ಗಾಣದ ವಿಡಿಯೊಗೆ ದನಿ ಕೊಟ್ಟವರು 208 ಅಕ್ಷರಗಳನ್ನು ಸಹಜವಾದ ನಿಲುಗಡೆಗಳೊಂದಿಗೆ 40 ಸೆಕೆಂಡಿನಲ್ಲಿ ಓದಿದರು. ಅಂದರೆ ಸೆಕೆಂಡಿಗೆ 5.2 ಅಕ್ಷರ. ಶಾಂತವಾದ, ಮನೆಮಾತಿನ ಓದಿಗೆ ಇದು ಹದವಾದ ವೇಗವೆಂದೇ ನನ್ನ ಅನುಭವ.

ಈ ಅಳತೆಯನ್ನು ಮನಸ್ಸಿನಲ್ಲೇ ಓದಿಕೊಂಡು ಮಾಡಬಾರದು. ಕಣ್ಣು ಸಾಲನ್ನು ದಾಟುವ ವೇಗ ಬೇರೆ, ನಾಲಗೆ ಒತ್ತಕ್ಷರಗಳನ್ನು ಉಚ್ಚರಿಸುವ ವೇಗ ಬೇರೆ. ಮೌನವಾಗಿ ಓದಿ 22 ಸೆಕೆಂಡು ಎಂದು ತೀರ್ಮಾನಿಸಿದ ಬರಹ ದನಿಗೆ ಬಂದಾಗ ಹೆಚ್ಚು ಹಿಡಿಯುವುದನ್ನು ಪ್ರತಿ ಸಲವೂ ಕಂಡಿದ್ದೇನೆ.

ಅಕ್ಷರ ಎಣಿಸುವಾಗ ಒತ್ತಕ್ಷರವನ್ನು ಬೇರೆಯಾಗಿ ಎಣಿಸುವುದಿಲ್ಲ. ಶಾಲೆಯ ಛಂದಸ್ಸಿನ ಪಾಠದಲ್ಲಿ ಎಣಿಸಿದಂತೆಯೇ ‘ಎಣ್ಣೆ’ ಎರಡು ಅಕ್ಷರ, ‘ಮಣ್ಣಿನಲ್ಲಿ’ ನಾಲ್ಕು. ‘ಲೀಟರ್’ ಎಂಬಂಥ ಪದದ ಕೊನೆಯ ಅರ್ಧಾಕ್ಷರವನ್ನೂ ಬಿಡಬೇಕು. ಕೈಯಲ್ಲಿ ಎಣಿಸುವುದು ಬೇಸರವೆನಿಸಿದರೆ ಪೈಥಾನ್ ಇರುವ ಕಂಪ್ಯೂಟರಿನಲ್ಲಿ ಈ ನಾಲ್ಕು ಸಾಲುಗಳು ಅದೇ ಕೆಲಸವನ್ನು ಮಾಡುತ್ತವೆ. ಸ್ವರಗಳನ್ನೂ ವ್ಯಂಜನಗಳನ್ನೂ ಎಣಿಸಿ, ಅದರಲ್ಲಿ ಹಲಂತ ಚಿಹ್ನೆಗಳ ಸಂಖ್ಯೆಯನ್ನು ಕಳೆಯುವುದಷ್ಟೇ ಇದರ ಉಪಾಯ:

```python
import re
t = open("script.txt", encoding="utf-8").read()
n = len(re.findall("[ಅ-ಹ]", t)) - t.count("್")
print(n)
```

ಅಂಕಿಗಳನ್ನು ಇದು ಎಣಿಸುವುದಿಲ್ಲವಾದ್ದರಿಂದ ಕಡತದಲ್ಲಿ ಅಂಕಿಗಳೆಲ್ಲವನ್ನೂ ಉಚ್ಚರಿಸುವಂತೆಯೇ ಅಕ್ಷರಗಳಲ್ಲಿ ಬರೆಯಬೇಕು. ಹಾಗೆ ಬರೆಯುವುದು ಹೇಗೂ ಒಳ್ಳೆಯದು, ಏಕೆಂದರೆ ಅಂಕಿಗಳು ಕಾಗದದ ಮೇಲೆ ಚಿಕ್ಕದಾಗಿ ಕಂಡು ಬಾಯಲ್ಲಿ ಉದ್ದವಾಗುತ್ತವೆ. ‘499’ ಎಂಬ ಮೂರು ಅಂಕಿ ‘ನಾನೂರ ತೊಂಬತ್ತೊಂಬತ್ತು ರೂಪಾಯಿ’ ಎಂದಾಗುವಾಗ 11 ಅಕ್ಷರ, ಎರಡು ಸೆಕೆಂಡಿಗಿಂತ ಹೆಚ್ಚು. ಹತ್ತು ಅಂಕಿಯ ಫೋನ್ ಸಂಖ್ಯೆಯನ್ನು ಓದಿಸಿದರೆ 20ಕ್ಕೂ ಹೆಚ್ಚು ಅಕ್ಷರಗಳು, ನಡುವಿನ ನಿಲುಗಡೆ ಸೇರಿ ಐದು ಸೆಕೆಂಡಿನ ಆಸುಪಾಸು. ಕೇಳಿದ ಸಂಖ್ಯೆ ನೆನಪಿನಲ್ಲಿ ಉಳಿಯುವುದೂ ಕಷ್ಟ. ಆದ್ದರಿಂದ ಫೋನ್ ಸಂಖ್ಯೆ, ವಿಳಾಸ ಮತ್ತು ಬೆಲೆ ಪರದೆಯ ಮೇಲಿರಲಿ, ದನಿಯಲ್ಲಿ ಬೇಡ ಎಂದು ನಾನು ಗ್ರಾಹಕರಲ್ಲಿ ಹಟ ಹಿಡಿಯುತ್ತೇನೆ.

ಕತ್ತರಿಸುವುದು

ಸೆಕೆಂಡಿಗೆ 5.2ರಂತೆ ಪ್ರತಿ ದೃಶ್ಯದ ಪಾಲು ಈಗ ತಾನಾಗಿಯೇ ಹೊರಬರುತ್ತದೆ. ಹೊಲಕ್ಕೆ 31, ಗಾಣಕ್ಕೆ 36, ಒಗ್ಗರಣೆಗೆ 28, ಕೊನೆಯ ಫಲಕಕ್ಕೆ 18 ಅಕ್ಷರಗಳು. ಒಟ್ಟು 113. ಮನೆಯವರು ಕಳುಹಿಸಿದ್ದ ಬರಹದಲ್ಲಿ 187 ಇದ್ದವು. ಅದರ ಮೊದಲ ವಾಕ್ಯ ಹೀಗಿತ್ತು:

“ಪಾವಗಡದ ಕೆಂಪು ಮಣ್ಣಿನಲ್ಲಿ ಬೆಳೆದ ಅತ್ಯುತ್ತಮ ಗುಣಮಟ್ಟದ ಕಡಲೆಕಾಯಿಗಳನ್ನು ಆಯ್ಕೆ ಮಾಡಿ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಲಾಗುತ್ತದೆ.”

ಇದು 12 ಪದ, 51 ಅಕ್ಷರ, ಹತ್ತಿರ ಹತ್ತಿರ 10 ಸೆಕೆಂಡು. ಇದ್ದದ್ದು 6 ಸೆಕೆಂಡು. ಪದಗಳನ್ನು ಕೈಗೆ ಸಿಕ್ಕಂತೆ ಕೀಳುವ ಬದಲು ಮೊದಲು ಚಿತ್ರ ಏನನ್ನು ಹೇಳುತ್ತಿದೆ ಎಂದು ನೋಡಬೇಕು. ಕಾಯಿ ಬೆಳೆದಿರುವುದು ಪರದೆಯ ಮೇಲೆ ಕಾಣುತ್ತಿರುವಾಗ ‘ಬೆಳೆದ’ ಎನ್ನಬೇಕಿಲ್ಲ. ‘ಅತ್ಯುತ್ತಮ ಗುಣಮಟ್ಟದ’ ಎಂಬ ಒಂಬತ್ತು ಅಕ್ಷರಗಳು ಎಲ್ಲ ಜಾಹೀರಾತುಗಳಲ್ಲೂ ಇರುವುದರಿಂದ ಕೇಳುಗರ ಕಿವಿಯಲ್ಲಿ ನಿಲ್ಲುವುದಿಲ್ಲ. ಅದರ ಬದಲು ಆ ಮನೆಯ ಹೆಂಗಸರು ಮೊರ ಹಿಡಿದು ಕಾಯಿ ಆರಿಸುವ ದೃಶ್ಯವಿತ್ತು, ಅದನ್ನು ಹೇಳಬಹುದಿತ್ತು. ನಂತರ ನೋಡಬೇಕಾದದ್ದು ಕ್ರಿಯಾಪದ. ಕನ್ನಡದಲ್ಲಿ ಅಕ್ಷರಗಳು ಅತಿ ಹೆಚ್ಚು ಸೋರಿಹೋಗುವುದು ‘-ಲಾಗುತ್ತದೆ’, ‘-ಲ್ಪಟ್ಟಿದೆ’, ‘-ಗಳನ್ನು’ ಎಂಬಂಥ ಬಾಲಗಳಲ್ಲಿ. ತಿದ್ದಿದ ಸಾಲು ಹೀಗಾಯಿತು:

“ಪಾವಗಡದ ಕೆಂಪು ನೆಲದ ಕಡಲೆಕಾಯಿ. ಬಿಸಿಲಲ್ಲೇ ಒಣಗಿದ್ದು, ಕೈಯಲ್ಲೇ ಆರಿಸಿದ್ದು.”

ಎಂಟು ಪದ, 30 ಅಕ್ಷರ. ಹೊಸ ವಿಷಯವೊಂದು ಸೇರಿದರೂ ಕಾಲ ಇಳಿದಿದೆ. ಒಗ್ಗರಣೆಯ ಸಾಲು “ಒಂದು ಒಗ್ಗರಣೆ ಸಾಕು, ಮನೆಯೆಲ್ಲ ಘಮ. ಹಳೆಯ ರುಚಿ ಮತ್ತೆ ಅಡುಗೆಮನೆಗೆ” ಎಂದು 27 ಅಕ್ಷರಕ್ಕೆ ನಿಂತಿತು. ಕೊನೆಯದನ್ನು “ನಮ್ಮ ಗಾಣದ ಕಡಲೆಕಾಯಿ ಎಣ್ಣೆ. ಇಂದೇ ತರಿಸಿಕೊಳ್ಳಿ” ಎಂದು ಬರೆದಾಗ 19 ಆಯಿತು, ‘ತರಿಸಿ’ ಎಂದಾಗ 17ಕ್ಕೆ ಇಳಿಯಿತು. ಆ ಮನೆಯವರ ಎಣ್ಣೆಯ ಹೆಸರಿನ ಜಾಗದಲ್ಲಿ ಇಲ್ಲಿ ‘ನಮ್ಮ ಗಾಣ’ ಎಂದು ಬರೆದಿದ್ದೇನೆ. ಅದರದೂ ನಾಲ್ಕೇ ಅಕ್ಷರ.

ಎರಡು ಸಾಲುಗಳ ನಡುವೆ ಯಾವುದನ್ನು ಆರಿಸಲಿ ಎಂಬ ಅನುಮಾನ ಬಂದಾಗ ಅಕ್ಷರಕ್ಕಿಂತ ಸೂಕ್ಷ್ಮವಾದ ಅಳತೆ ನಮ್ಮ ಭಾಷೆಯಲ್ಲೇ ಇದೆ, ಅದು ಮಾತ್ರೆ. ‘ಅಡುಗೆಮನೆಗೆ’ ಆರು ಅಕ್ಷರ, ಎಲ್ಲವೂ ಲಘು, ಆರೇ ಮಾತ್ರೆ. ‘ಕಾರ್ಖಾನೆಯಲ್ಲಿ’ ಐದೇ ಅಕ್ಷರವಾದರೂ ಮೂರು ಗುರುಗಳಿರುವುದರಿಂದ ಎಂಟು ಮಾತ್ರೆ. ಓದಿ ನೋಡಿದರೆ ಎರಡನೆಯದೇ ಹೆಚ್ಚು ಹೊತ್ತು ಹಿಡಿಯುತ್ತದೆ. ಇಡೀ ಬರಹಕ್ಕೆ ಪ್ರಸ್ತಾರ ಹಾಕುವ ಅಗತ್ಯವಿಲ್ಲ, ಮಾತು ಗದ್ಯದಲ್ಲಿ ಅಷ್ಟು ಕಟ್ಟುನಿಟ್ಟಾಗಿ ಮಾತ್ರೆಯನ್ನು ಪಾಲಿಸುವುದೂ ಇಲ್ಲ. ಆದರೆ ಲೆಕ್ಕಕ್ಕೆ ಸರಿಹೊಂದಿದ ಸಾಲೊಂದು ಓದುವಾಗ ಮತ್ತೆ ಮತ್ತೆ ಮೀರಿದರೆ ಅದರಲ್ಲಿ ಗುರುಗಳು ಒತ್ತಾಗಿ ಸೇರಿವೆಯೇ ಎಂದು ನೋಡುವುದು ಉಪಯುಕ್ತ.

ಅಕ್ಷರ ಸರಿಯಿದ್ದೂ ಸಾಲು ಮೀರಿದಾಗ

ಗಾಣದ ದೃಶ್ಯಕ್ಕೆ ನಾನು ಮೊದಲು ಬರೆದ ಸಾಲು ಇದು:

“ಮರದ ಗಾಣ. ಅವಸರವಿಲ್ಲದ ಸುತ್ತು. ಕಾಯಿಸದೆ, ಏನನ್ನೂ ಬೆರೆಸದೆ, ಹನಿ ಹನಿಯಾಗಿ ಇಳಿದ ಎಣ್ಣೆ.”

ಸರಿಯಾಗಿ 36 ಅಕ್ಷರ, ಕೊಟ್ಟ ಪಾಲಿಗೆ ಸಮ. ಆದರೂ ಧ್ವನಿಮುದ್ರಣದಲ್ಲಿ ಅದು 7ರ ಬದಲು 8.1 ಸೆಕೆಂಡು ಹಿಡಿಯಿತು. ಕಾರಣ ಸಾಲಿನೊಳಗಿನ ನಿಲುಗಡೆಗಳು. ವೇಗ ಅಳೆಯಲು ಓದಿಸಿದ ಭಾಗದಲ್ಲಿ ವಾಕ್ಯಗಳು ಉದ್ದವಾಗಿದ್ದು ಪೂರ್ಣವಿರಾಮಗಳು ದೂರ ದೂರ ಇದ್ದವು. ಇಲ್ಲಿ 14 ಅಕ್ಷರಗಳೊಳಗೇ ಎರಡು ಪೂರ್ಣವಿರಾಮಗಳಿವೆ. ಒಳ್ಳೆಯ ಕಲಾವಿದರು ಪೂರ್ಣವಿರಾಮದಲ್ಲಿ ಅರ್ಧ ಸೆಕೆಂಡಿನಷ್ಟು ನಿಲ್ಲುತ್ತಾರೆ, ಅಲ್ಪವಿರಾಮದಲ್ಲಿ ಅದರ ಅರ್ಧದಷ್ಟು. ಹೆಚ್ಚಾದ ಎರಡು ಪೂರ್ಣವಿರಾಮಗಳು ಒಂದು ಸೆಕೆಂಡನ್ನು ನುಂಗಿದ್ದವು.

ಬೇಗ ಓದಲು ಆಗುವುದೇ ಎಂದು ಆಕೆಯನ್ನು ಕೇಳಿದೆ. “ಓದ್ತೀನಿ ಸರ್, ಆದ್ರೆ ಆಗ ಎಣ್ಣೆ ಇರಲ್ಲ, ಎಣೆ ಇರುತ್ತೆ” ಎಂದು ಹೇಳಿ, ಓದಿಯೂ ತೋರಿಸಿದರು. ಅವರು ಹೇಳಿದ್ದು ಸರಿಯಾಗಿತ್ತು. ಓದು ಬಿರುಸಾದಾಗ ಕನ್ನಡದಲ್ಲಿ ಮೊದಲು ಸವೆಯುವುದು ಒತ್ತಕ್ಷರ. ‘ಎಣ್ಣೆ’ಯ ಣಕಾರದ ಮೇಲೆ ನಾಲಗೆ ನಿಲ್ಲಬೇಕಾದ ಹೊತ್ತು ಕಡಿಮೆಯಾಗಿ ‘ಎಣೆ’ ಕೇಳಿಸುತ್ತದೆ, ‘ಹತ್ತು’ ತೆಳುವಾಗುತ್ತದೆ, ದೀರ್ಘಗಳು ಹ್ರಸ್ವದ ಕಡೆಗೆ ಜಾರುತ್ತವೆ. ಮಾರುತ್ತಿರುವ ವಸ್ತುವಿನ ಹೆಸರೇ ಅಳಿಸಿಹೋದ ಜಾಹೀರಾತು ಸಮಯಕ್ಕೆ ಮುಗಿದರೂ ಪ್ರಯೋಜನವಿಲ್ಲ. ವೇಗ ಹೆಚ್ಚಾಯಿತೇ ಎಂದು ಪರೀಕ್ಷಿಸಲು ನಾನು ಅಂದಿನಿಂದ ಇದನ್ನೇ ಗಮನಿಸುತ್ತೇನೆ: ಒತ್ತಕ್ಷರವಿರುವ ಪದಗಳನ್ನು ಗುರುತು ಮಾಡಿಕೊಂಡು, ಬರಹವನ್ನು ನೋಡದವರಿಗೆ ಧ್ವನಿಯನ್ನು ಮಾತ್ರ ಕೇಳಿಸಿ, ಕೇಳಿದ್ದನ್ನು ಹೇಳಿ ಎನ್ನುತ್ತೇನೆ.

ಹಾಗಾಗಿ ತಿದ್ದಬೇಕಾದದ್ದು ಬರಹವೇ ಆಗಿತ್ತು. ಎರಡು ಪೂರ್ಣವಿರಾಮಗಳನ್ನು ತೆಗೆದು ಒಂದೇ ಉಸಿರಿನ ವಾಕ್ಯ ಮಾಡಿದೆ:

“ಮರದ ಗಾಣದ ನಿಧಾನದ ಸುತ್ತಿನಲ್ಲಿ ಕಾಯಿಸದೆ, ಏನೂ ಬೆರೆಸದೆ, ಹನಿ ಹನಿಯಾಗಿ ಇಳಿದ ಎಣ್ಣೆ.”

ಪದಗಳು ಮೊದಲಿನಂತೆಯೇ 11, ಅಕ್ಷರ ಒಂದೇ ಒಂದು ಕಡಿಮೆ, 35. ಆದರೆ ಈ ಸಲ 6.9 ಸೆಕೆಂಡಿಗೆ ಮುಗಿಯಿತು. ಗಾಣದ ಸುತ್ತಿಗೂ ಈ ಓಟವೇ ಹೊಂದಿತು. ತುಂಡು ವಾಕ್ಯಗಳು ತಿರುಗುವ ಚಿತ್ರದ ಮೇಲೆ ಕುಂಟಿದಂತೆ ಕೇಳುತ್ತಿದ್ದವು. ತುಂಡು ವಾಕ್ಯಗಳೇ ಬೇಕೆನಿಸಿದರೆ ಆ ದೃಶ್ಯದ ಅಕ್ಷರಗಳ ಪಾಲನ್ನು ಮೊದಲೇ ಇಳಿಸಿಕೊಳ್ಳಬೇಕು. ಹೆಚ್ಚುವರಿ ಪೂರ್ಣವಿರಾಮ ಒಂದಕ್ಕೆ ಎರಡರಿಂದ ಮೂರು ಅಕ್ಷರ ಕಳೆದುಕೊಂಡರೆ ಲೆಕ್ಕ ಕೂಡುತ್ತದೆ.

ಕಲಾವಿದರನ್ನು ಕರೆಸುವ ಮೊದಲು ಮತ್ತು ನಂತರ

ಸ್ಟುಡಿಯೊಗೆ ಹೋಗುವ ಮೊದಲು ನಿರೂಪಣೆಯನ್ನು ನೀವೇ ಫೋನಿನಲ್ಲಿ ಓದಿ ಮುದ್ರಿಸಿ, ಆ ಕಚ್ಚಾ ದನಿಯನ್ನು ವಿಡಿಯೊದ ಕೆಳಗೆ ಟೈಮ್‌ಲೈನಿನಲ್ಲಿ ಇಟ್ಟು ನೋಡಬೇಕು. ಮೇಲೆ ಹೇಳಿದ ಎಂಟು ಸೆಕೆಂಡಿನ ತೊಂದರೆ ನಾನು ಈ ಹಂತವನ್ನು ಬಿಟ್ಟಿದ್ದರಿಂದಲೇ ಸ್ಟುಡಿಯೊದವರೆಗೂ ಬಂತು. ದನಿ ಚೆನ್ನಾಗಿರಬೇಕೆಂದಿಲ್ಲ, ನಿಲುಗಡೆಗಳು ಎಲ್ಲಿ ಬೀಳುತ್ತವೆ ಎಂದು ತಿಳಿದರೆ ಸಾಕು. ಹಿಂದಿ ಅಥವಾ ಇಂಗ್ಲಿಷ್ ಜಾಹೀರಾತನ್ನು ಕನ್ನಡಕ್ಕೆ ತರುವವರಿಗಂತೂ ಇದು ಅನಿವಾರ್ಯ, ಏಕೆಂದರೆ ಅಲ್ಲಿ ದೃಶ್ಯಗಳು ಬೇರೆ ಭಾಷೆಯ ಓಟಕ್ಕೆ ಕತ್ತರಿಸಿರುತ್ತವೆ, ಅವುಗಳನ್ನು ಹಿಗ್ಗಿಸಲು ಬರುವುದಿಲ್ಲ.

ಕಲಾವಿದರಿಗೆ ಕೊಡುವ ಪ್ರತಿಯಲ್ಲಿ ಪ್ರತಿ ಸಾಲಿನ ಪಕ್ಕ ಅದರ ಆರಂಭದ ಸೆಕೆಂಡು ಮತ್ತು ಅವಧಿಯನ್ನು ಬರೆಯಿರಿ. ಇಡೀ ನಿರೂಪಣೆಯನ್ನು ಒಂದೇ ಓಟದಲ್ಲಿ ಓದಿಸುವುದಕ್ಕಿಂತ ದೃಶ್ಯಕ್ಕೊಂದರಂತೆ ಓದಿಸಿ, ಪ್ರತಿಯೊಂದನ್ನೂ ಎರಡು ಮೂರು ಬಾರಿ ಮುದ್ರಿಸುವುದು ಕ್ಷೇಮ. ಆಗ ಒಂದು ಸಾಲಿನ ತಪ್ಪು ಇನ್ನೊಂದನ್ನು ತಳ್ಳುವುದಿಲ್ಲ. ಯಾರೂ ಮಾತನಾಡದ ಕೋಣೆಯ ಸದ್ದನ್ನು ಅರ್ಧ ನಿಮಿಷ ಬೇರೆಯಾಗಿ ಮುದ್ರಿಸಿಕೊಂಡರೆ, ಮುಂದೆ ನಿಲುಗಡೆಯನ್ನು ಹಿಗ್ಗಿಸುವಾಗ ಅದನ್ನೇ ತುಂಬಬಹುದು. ಬರೀ ನಿಶ್ಶಬ್ದ ತುಂಬಿದರೆ ದನಿ ಕಡಿದು ಬಿದ್ದಂತೆ ಕೇಳುತ್ತದೆ.

ಮುದ್ರಿಸಿದ ಮೇಲೂ ಸಾಲು ಕೂದಲೆಳೆಯಷ್ಟು ಮೀರಿದ್ದರೆ ಮೊದಲು ಉಸಿರಿನ ಜಾಗವನ್ನು ಸ್ವಲ್ಪ ಕಿರಿದು ಮಾಡಬೇಕು. ಅದೂ ಸಾಲದಿದ್ದರೆ ಮಾತ್ರ ದನಿಯ ಸ್ಥಾಯಿ ಬದಲಾಗದಂತೆ ವೇಗವನ್ನು ಹೆಚ್ಚಿಸಬಹುದು. ಧ್ವನಿ ತಿದ್ದುವ ತಂತ್ರಾಂಶವಾದ ಆಡಾಸಿಟಿಯಲ್ಲಿ ಇದಕ್ಕೆ Change Tempo ಎಂಬ ಆಯ್ಕೆಯಿದೆ, FFmpegನಲ್ಲೂ ಮಾಡಬಹುದು. ಉದಾಹರಣೆಗೆ, 7.3 ಸೆಕೆಂಡಿನ ಸಾಲನ್ನು 7ಕ್ಕೆ ತರಲು 7.3ನ್ನು 7ರಿಂದ ಭಾಗಿಸಿದರೆ 1.043 ಬರುತ್ತದೆ, FFmpegನ ಆದೇಶ ಹೀಗಿರುತ್ತದೆ:

```
ffmpeg -i voice.wav -filter:a "atempo=1.043" voice_fit.wav
```

ಈ ಸಂಖ್ಯೆ 1.05 ದಾಟದಂತೆ ನಾನು ನೋಡಿಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚಾದರೆ ಕಲಾವಿದರು ಎಚ್ಚರಿಸಿದ ‘ಎಣೆ’ಯೇ ಈ ದಾರಿಯಿಂದಲೂ ಮರಳಿ ಬರುತ್ತದೆ. ಅಷ್ಟು ಮೀರಿದ್ದರೆ ಸಾಲನ್ನು ತಿದ್ದಿ ಮತ್ತೆ ಓದಿಸಬೇಕು, ಇಲ್ಲವೇ ಚಿತ್ರದಲ್ಲಿ ಜಾಗ ಹುಡುಕಬೇಕು.

ಒಗ್ಗರಣೆಯ ಸಾಲಿನಲ್ಲಿ ನಾನು ಎರಡನೆಯದನ್ನೇ ಮಾಡಿದೆ. 27 ಅಕ್ಷರಕ್ಕೆ 5.2 ಸೆಕೆಂಡು ಸಾಕಾಗಬೇಕಿತ್ತು, ಆದರೆ ಆಕೆ ‘ಘಮ’ ಎಂಬುದನ್ನು ಮೂಸಿ ನೋಡಿದವರಂತೆ ಎಳೆದು ಹೇಳಿದ್ದರಿಂದ 5.8 ಆಗಿತ್ತು. ಪಾಲು 5.5. ಮತ್ತೊಮ್ಮೆ ಬಿಗಿಯಾಗಿ ಓದಿಸಿದ್ದು ಸರಿಯಾಗಿ 5.4 ಬಂತು, ಆದರೆ ಘಮ ಹೋಗಿತ್ತು. ಮೊದಲಿನದನ್ನೇ ಉಳಿಸಿಕೊಂಡು 19ನೇ ಸೆಕೆಂಡಿಗೆ ಆರಂಭಿಸಿದಾಗ ಅದು 24.8ಕ್ಕೆ, ದೃಶ್ಯ ಬದಲಾಗುವುದಕ್ಕೆ ಐದು ಫ್ರೇಮ್ ಮೊದಲು ಮುಗಿಯಿತು. ಅದರ ಹಿಂದೆಯೇ ಹೆಸರು ಬಂದರೆ ಎರಡೂ ಅಂಟಿಕೊಳ್ಳುತ್ತವೆ ಎಂದು ಕೊನೆಯ ಸಾಲನ್ನು 25ರ ಬದಲು 25.4ಕ್ಕೆ ಸರಿಸಿದೆ. 3.4 ಸೆಕೆಂಡಿನ ಆ ಸಾಲು 28.8ಕ್ಕೆ ಮುಗಿದು, ಹೆಸರು ಮತ್ತು ಫೋನ್ ಸಂಖ್ಯೆಯನ್ನು ಮೌನದಲ್ಲಿ ಓದಿಕೊಳ್ಳಲು 30 ಫ್ರೇಮ್‌ಗಳು ಉಳಿದವು.